ಒಂದು ಲೋಡ್ ಮೆಕ್ಕೆಜೋಳ, ಮೂರು ಕರಡು: ದಾವಣಗೆರೆಯ ಒಂದು ಪ್ರಕರಣ

ಇದು ದಾವಣಗೆರೆ ಕಡೆಯ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ನಡೆದದ್ದು. ಸಿಟ್ಟಿನಲ್ಲಿ ಬರೆದ ಒಂದು ಮೇಲ್ ಹೇಗೆ ಕಳಿಸದೆ ಉಳಿಯಿತು, ಮಾರನೆಯ ದಿನ ಅದೇ ವಿಷಯ ಹೇಗೆ ಬೇರೆ ರೂಪದಲ್ಲಿ ಹೋಯಿತು ಅನ್ನುವುದೇ ವಿಷಯ. ಬರೆದವರು ತಮ್ಮ ಮೂರೂ ಕರಡುಗಳನ್ನು ಆಮೇಲೆ ನನಗೆ ತೋರಿಸಿದರು. ಹೆಸರು ಹಾಕುವುದು ಬೇಡ ಅಂದರು, ಹಾಕಿಲ್ಲ. ಗುರುತು ಸಿಗದ ಹಾಗೆ ವಾರ, ಮೊತ್ತ, ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕರಡುಗಳ ಮಾತು ಮಾತ್ರ ಹೆಚ್ಚುಕಮ್ಮಿ ಅವರದ್ದೇ.

ಹಿನ್ನೆಲೆ

ಕಂಪನಿ ಸಣ್ಣದು. ಸುತ್ತಲಿನ ಹಳ್ಳಿಗಳ ರೈತರಿಂದ ಮೆಕ್ಕೆಜೋಳ ಕೊಂಡು ಕೋಳಿ ಆಹಾರದ ಫ್ಯಾಕ್ಟರಿಗಳಿಗೆ ಮಾರುತ್ತದೆ. ಪೇಟೆಯಲ್ಲಿ ಒಂದು ಆಫೀಸು, ಊರಾಚೆ ಒಂದು ಗೋದಾಮು. ಆಫೀಸಿನಲ್ಲಿ ಮಾರಾಟದ ಲೆಕ್ಕ ನೋಡುವ ಮಹಿಳೆಗೆ ಎಲ್ಲರೂ ಮೇಡಂ ಅನ್ನುತ್ತಾರೆ. ಗೋದಾಮು ನೋಡಿಕೊಳ್ಳುವವರು ಅವರಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಅವರನ್ನು ಮೇಡಂ ಸೇರಿ ಎಲ್ಲರೂ ಅಣ್ಣ ಅನ್ನುತ್ತಾರೆ. ಇಲ್ಲಿಯೂ ಹಾಗೇ ಕರೆಯೋಣ. ಒಬ್ಬರು ಇನ್ನೊಬ್ಬರ ಕೈಕೆಳಗಿನವರಲ್ಲ. ಇಬ್ಬರೂ ಸಿಇಒಗೆ ಉತ್ತರ ಕೊಡಬೇಕು, ಸಿಇಒ ನಿರ್ದೇಶಕರಿಗೆ.

ಮೆಕ್ಕೆಜೋಳದ ವ್ಯಾಪಾರದಲ್ಲಿ ಜಗಳ ಬರುವುದೇ ತೇವದಿಂದ. ಸಾಮಾನ್ಯವಾಗಿ ಶೇಕಡಾ 14ರೊಳಗಿದ್ದರೆ ಮಾಲು ಸರಿ. ಅದಕ್ಕಿಂತ ಜಾಸ್ತಿ ಬಂದರೆ ಕೊಳ್ಳುವವರು ತೂಕದಲ್ಲಿ ಕಡಿತ ಮಾಡುತ್ತಾರೆ, ಇಲ್ಲವೇ ಲಾರಿ ವಾಪಸ್ ಕಳಿಸುತ್ತಾರೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಣದಲ್ಲಿ ಒಣಗಲು ಬಿಸಿಲೇ ಸಿಗುವುದಿಲ್ಲ. ಆ ವರ್ಷ ಹಾಗೇ ಆಗಿತ್ತು.

ಲಾರಿಗೆ ತುಂಬುವ ಮೊದಲು ಅಣ್ಣ ತೇವ ಅಳೆಯುವ ಮೀಟರ್ ಹಿಡಿದು, ಬಂದ ಅಂಕಿಯನ್ನು ಲೋಡ್ ಚೀಟಿಯಲ್ಲಿ ಬರೆಯುತ್ತಾರೆ. ಚೀಟಿಯ ಒಂದು ಪ್ರತಿ ಲಾರಿ ಜೊತೆ ಹೋಗುತ್ತದೆ, ಇನ್ನೊಂದು ಆಫೀಸಿಗೆ ಬರುತ್ತದೆ. ಚೀಟಿಯಲ್ಲಿ ತೇವಕ್ಕೆ ಇದ್ದದ್ದು ಒಂದೇ ಖಾನೆ.

ಸಮಸ್ಯೆ

ಮಂಗಳವಾರ ತುಂಬಿದ 160 ಕ್ವಿಂಟಲ್ ಲೋಡ್ ಗುರುವಾರ ಬೆಳಿಗ್ಗೆ ಫ್ಯಾಕ್ಟರಿ ಮುಟ್ಟಿತು. ಕಂಪನಿಯ ಚೀಟಿಯಲ್ಲಿ ತೇವ 13.6. ಅವರ ಮೀಟರ್‌ನಲ್ಲಿ 16.1. ಖರೀದಿ ನೋಡುವವನು ಮೇಡಂಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಮಾತಾಡಿದ. 'ರೈತರ ಹೆಸರು ಹೇಳಿ ನೀರು ಮಾರ್ತೀರಾ' ಅಂದನಂತೆ. ಈ ಮಾತು ಮುಂದೆ ಮುಖ್ಯವಾಗುತ್ತದೆ.

ಮೇಡಂ ಆ ಕ್ಷಣದ ಕೆಲಸವನ್ನು ಚೆನ್ನಾಗಿಯೇ ಮಾಡಿದರು. ಇಳಿಸುವ ಮೊದಲೇ ಇನ್ನೊಮ್ಮೆ ಬೇರೆ ಚೀಲಗಳಿಂದ ತೆಗೆದು ನೋಡಿ ಅಂತ ಕೇಳಿದರು. ಒಮ್ಮೆ ಇಳಿಸಿ ರಾಶಿಗೆ ಬೆರೆತ ಮೇಲೆ ಯಾರೂ ಮರುಪರೀಕ್ಷೆ ಮಾಡುವುದಿಲ್ಲ. ಎರಡನೇ ಸಲವೂ 16 ದಾಟಿತು. ಸಿಇಒಗೆ ಕೇಳಿ ಕ್ವಿಂಟಲ್‌ಗೆ 3 ಕೆಜಿ ಕಡಿತ ಒಪ್ಪಿಕೊಂಡರು. ಅಂದರೆ 480 ಕೆಜಿ. ಕ್ವಿಂಟಲ್‌ಗೆ 2,200 ರೂಪಾಯಿಯಂತೆ 10,560 ರೂಪಾಯಿ. ಲಾರಿ ದಿನವಿಡೀ ನಿಂತಿದ್ದಕ್ಕೆ 2,500. ಒಟ್ಟು 13,060.

ಇಷ್ಟು ಮುಗಿಯುವ ಹೊತ್ತಿಗೆ ಸಂಜೆ ಆಗಿತ್ತು. ಅಣ್ಣನಿಗೆ ಎರಡು ಸಲ ಫೋನ್ ಮಾಡಿದ್ದರು, ಎತ್ತಿರಲಿಲ್ಲ. ಕಂಪನಿಯ ವಾಟ್ಸಾಪ್ ಗುಂಪು ತೆರೆದರೆ ಮಂಗಳವಾರ ಅಣ್ಣ ಹಾಕಿದ ಲಾರಿಯ ಫೋಟೊ ಕಣ್ಣಿಗೆ ಬಿತ್ತು. ಕೆಳಗೆ 'ಲೋಡ್ ಓಕೆ' ಅಂತ ಬರೆದು ಹೆಬ್ಬೆರಳಿನ ಚಿತ್ರ. ಅದನ್ನು ನೋಡಿ ತಲೆ ಬಿಸಿಯಾಯಿತು ಅಂತ ಮೇಡಂ ಹೇಳುತ್ತಾರೆ. ಅಣ್ಣನಿಗೆ ಮೇಲ್ ಬರೆಯಲು ಕೂತರು. ಐವರು ನಿರ್ದೇಶಕರು ಮತ್ತು ಸಿಇಒ ವಿಳಾಸವನ್ನು ಮೊದಲೇ ಪ್ರತಿಯಲ್ಲಿ ಹಾಕಿಕೊಂಡರು. ವಿಷಯ ಬರೆಯುವ ಮೊದಲು ಯಾರೆಲ್ಲ ನೋಡಬೇಕು ಅನ್ನುವುದು ತೀರ್ಮಾನವಾಗಿಬಿಟ್ಟಿತ್ತು, ಗಮನಿಸಿ.

ಮೊದಲ ಕರಡು ಇದು:

> ಶ್ರೀ ...... ರವರಿಗೆ,
> ಇಂದು ನಮ್ಮ ಲಾರಿಯನ್ನು ಫ್ಯಾಕ್ಟರಿಯವರು ತಿರಸ್ಕರಿಸಿದ್ದಾರೆ. ತೇವ 16.1 ಬಂದಿದೆ. ನೀವು ಚೀಟಿಯಲ್ಲಿ 13.6 ಎಂದು ಬರೆದಿದ್ದೀರಿ. ಮೀಟರ್ ಹಿಡಿಯದೆ ಕೂತಲ್ಲೇ ಅಂದಾಜಿನ ಮೇಲೆ ಬರೆದಿದ್ದೀರಿ ಎನ್ನುವುದು ಸ್ಪಷ್ಟ. ನಿಮಗೆ ರೈತರ ದುಡ್ಡಿನ ಬಗ್ಗೆ ಸ್ವಲ್ಪವೂ ಕಾಳಜಿ ಇಲ್ಲ. ಕಳೆದ ವರ್ಷವೂ ಇದನ್ನೇ ಮಾಡಿದ್ದಿರಿ. ಫೋನ್ ಮಾಡಿದರೆ ಯಾವತ್ತೂ ಎತ್ತುವುದಿಲ್ಲ. ನಿಮ್ಮಿಂದ ನಾನು ಹೊರಗಿನವರ ಹತ್ತಿರ ಬೈಸಿಕೊಳ್ಳಬೇಕಾಗಿದೆ. ಈ ನಷ್ಟವನ್ನು ನಿಮ್ಮ ಸಂಬಳದಲ್ಲಿ ಹಿಡಿಯಬೇಕೆಂದು ನಿರ್ದೇಶಕರಲ್ಲಿ ಕೇಳಿಕೊಳ್ಳುತ್ತೇನೆ. ಗೋದಾಮು ನೋಡಿಕೊಳ್ಳಲು ಆಗದಿದ್ದರೆ ಹೇಳಿಬಿಡಿ, ಬೇರೆಯವರಿದ್ದಾರೆ.

ದಿನಾ ಅಣ್ಣಾ ಅನ್ನುವವರು ಇಲ್ಲಿ 'ಶ್ರೀ ರವರಿಗೆ' ಅಂದಿದ್ದಾರೆ. ಓದುವವರಿಗೆ ಅದೊಂದೇ ಸಾಕು, ಮುಂದಿನದು ಬೈಗುಳ ಅಂತ ಗೊತ್ತಾಗಲು.

ಕೈ ತಡೆದದ್ದು ಏನು

ವಿವೇಕವಲ್ಲ. ಅದನ್ನು ಮೇಡಂ ಅವರೇ ನಗುತ್ತಾ ಒಪ್ಪುತ್ತಾರೆ. ಚೀಟಿಯ ಫೋಟೊ ಲಗತ್ತಿಸಲು ಹೋದಾಗ ಪರದೆಯ ಕೆಳಗೆ 'ಡ್ರಾಫ್ಟ್ ಸೇವ್ ಆಗಿದೆ' ಅನ್ನುವ ಸೂಚನೆ ಕಾಣಿಸಿತು. ಆಗ ಹೊಳೆಯಿತು, ಬರೆಯುತ್ತಿದ್ದದ್ದು ಆಫೀಸಿನ ಸಾಮಾನ್ಯ ಜಿಮೇಲ್ ಖಾತೆಯಲ್ಲಿ. ಆರ್ಡರ್ ಬಂದರೆ ನೋಡಲಿ ಅಂತ ಅದೇ ಖಾತೆಯನ್ನು ಗೋದಾಮಿನ ಕಂಪ್ಯೂಟರ್‌ನಲ್ಲೂ ತೆರೆದಿಟ್ಟಿರುತ್ತಾರೆ. ಜಿಮೇಲ್ ನಾವು ಟೈಪ್ ಮಾಡಿದ್ದನ್ನು ತಾನೇ ಉಳಿಸಿಕೊಳ್ಳುತ್ತಾ ಹೋಗುತ್ತದೆ. ಆ ಖಾತೆ ತೆರೆದಿರುವ ಯಾವ ಕಂಪ್ಯೂಟರ್‌ನಲ್ಲೂ ಡ್ರಾಫ್ಟ್ಸ್ ಒತ್ತಿದರೆ ಕಾಣುತ್ತದೆ. ಅಂದರೆ ಕಳಿಸು ಅನ್ನುವ ಗುಂಡಿ ಒತ್ತುವ ಮೊದಲೇ ಅಣ್ಣ ಅದನ್ನು ಓದಬಹುದಿತ್ತು.

ಸಣ್ಣ ಆಫೀಸುಗಳಲ್ಲಿ ಒಂದೇ ಖಾತೆಯನ್ನು ನಾಲ್ಕು ಜನ ಬಳಸುವುದು ಮಾಮೂಲಿ. ಅಂಥ ಕಡೆ ಮೇಲ್ ಪೆಟ್ಟಿಗೆಯಲ್ಲಿ ಕರಡು ಬರೆಯುವುದು ಅಂದರೆ ಸೂಚನಾ ಫಲಕಕ್ಕೆ ಪೆನ್ಸಿಲ್‌ನಲ್ಲಿ ಬರೆದಂತೆ. ಮೇಡಂ ಅಷ್ಟನ್ನೂ ಕತ್ತರಿಸಿ ತಮ್ಮ ಫೋನಿನ ಟಿಪ್ಪಣಿಗೆ ಹಾಕಿಕೊಂಡು, ವಿಳಾಸಗಳನ್ನು ಅಳಿಸಿ, ಕರಡನ್ನು ತೆಗೆದುಹಾಕಿದರು. ಅಣ್ಣ ನೋಡಿರಲಿಲ್ಲ. ಗೋದಾಮಿನ ಕಂಪ್ಯೂಟರ್ ಅಷ್ಟು ಹೊತ್ತಿಗೆ ಆರಿಸಿ ಹೋಗಿದ್ದರು ಅಂತ ಆಮೇಲೆ ಗೊತ್ತಾಯಿತು.

ಕಳಿಸಿ ವಾಪಸ್ ತೆಗೆದುಕೊಳ್ಳಬಹುದು ಅನ್ನುವ ಧೈರ್ಯ ಕೆಲವರಿಗೆ ಇರುತ್ತದೆ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ತಡೆಯಲು ಹೆಚ್ಚೆಂದರೆ 30 ಸೆಕೆಂಡ್, ಅದೂ ಸೆಟ್ಟಿಂಗ್‌ನಲ್ಲಿ ಅಷ್ಟು ಇಟ್ಟುಕೊಂಡಿದ್ದರೆ. ವಾಟ್ಸಾಪ್‌ನಲ್ಲಿ ಎಲ್ಲರಿಗೂ ಅಳಿಸಿದರೂ 'ಈ ಸಂದೇಶ ಅಳಿಸಲಾಗಿದೆ' ಅನ್ನುವ ಗುರುತು ಉಳಿಯುತ್ತದೆ. ಗುಂಪಿನಲ್ಲಿ ಅದು ಇನ್ನೂ ಕೆಟ್ಟದ್ದು, ಏನಿತ್ತು ಅಂತ ಎಲ್ಲರೂ ಕೇಳಿಕೊಳ್ಳುತ್ತಾರೆ.

ಆ ಸಂಜೆಯ ಇನ್ನೊಂದು ನಿರ್ಧಾರ ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ತಿರುವು. ಶುಕ್ರವಾರ ಬೆಳಿಗ್ಗೆ ಅದೇ ಗೋದಾಮಿನಿಂದ ಇನ್ನೊಂದು ಲಾರಿ ತುಂಬಬೇಕಿತ್ತು. ಸಿಟ್ಟು ಆರಲಿ ಅಂತ ಸುಮ್ನೆ ಇದ್ದರೆ ಅದೂ ಹಸಿ ಮಾಲೇ ಹೋಗಬಹುದು. ಹಾಗಾಗಿ ಮೇಡಂ ಅಣ್ಣನಿಗೆ ಇಷ್ಟೇ ಕಳಿಸಿದರು: 'ಅಣ್ಣಾ, ನಾಳೆ ಲೋಡ್ ತುಂಬಿಸಬೇಡಿ. ಇವತ್ತಿನ ಲಾರಿಗೆ ತೇವ ಜಾಸ್ತಿ ಬಂತು. ನಾಳೆ ಮಾತಾಡೋಣ.' ಅರ್ಧ ಗಂಟೆ ಬಿಟ್ಟು 'ಸರಿ ಮೇಡಂ' ಅಂತ ಉತ್ತರ ಬಂತು.

ಅಂದರೆ ತುರ್ತು ಇದ್ದದ್ದು ಲಾರಿಗೆ, ಪತ್ರಕ್ಕಲ್ಲ. ಸಿಟ್ಟಿನಲ್ಲಿ ಎರಡೂ ಒಂದೇ ಅನ್ನಿಸುತ್ತದೆ. ಈಗಲೇ ಬರೆಯಬೇಕು ಅಂತ ಕೈ ತುರಿಸುವಾಗ, ಇವತ್ತು ರಾತ್ರಿಯೊಳಗೆ ನಿಲ್ಲಬೇಕಾದ್ದು ಏನು ಅಂತ ನೋಡಿ ಅದಕ್ಕೆ ಮಾತ್ರ ಒಂದು ಸಾಲು ಕಳಿಸಿದರೆ, ಉಳಿದದ್ದಕ್ಕೆ ಬೆಳಗಿನ ತನಕ ಸಮಯ ಸಿಗುತ್ತದೆ. ಕಳ್ಳತನ, ಕಿರುಕುಳ, ಪ್ರಾಣಕ್ಕೆ ಅಪಾಯ ಇಂಥವು ಬೇರೆ ಮಾತು. ಅಲ್ಲಿ ಕರಡು ತಿದ್ದುತ್ತಾ ಕೂರಬಾರದು, ಹೇಳಬೇಕಾದವರಿಗೆ ಆಗಲೇ ಹೇಳಬೇಕು.

ಆರಿಸಿಕೊಳ್ಳಲು ಮಾಡಿದ್ದು

ಬಸ್ಸಿನಲ್ಲಿ ಮನೆಗೆ ಹೋಗುತ್ತಾ ಮೇಡಂ ಒಬ್ಬ ಗೆಳತಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿಕೊಂಡರು. ಗೆಳತಿ 'ಇಂಥೋರನ್ನ ಬಿಡಬಾರದು ಕಣೇ' ಅಂದಳು. ಇಳಿಯುವ ಹೊತ್ತಿಗೆ ಸಿಟ್ಟು ಹತ್ತುವಾಗ ಇದ್ದದ್ದಕ್ಕಿಂತ ಜಾಸ್ತಿಯಾಗಿತ್ತು. ಟಿಪ್ಪಣಿ ತೆಗೆದು ಇನ್ನೆರಡು ಸಾಲು ಸೇರಿಸಿದರು. ಅವನ್ನು ಇಲ್ಲಿ ಹಾಕುವ ಹಾಗಿಲ್ಲ.

ಹೇಳಿಕೊಂಡರೆ ಹಗುರಾಗುತ್ತದೆ ಅನ್ನುವ ನಂಬಿಕೆ ಎಲ್ಲರಿಗೂ ಇದೆ. ಸಿಟ್ಟಿನ ವಿಷಯದಲ್ಲಿ ಅದು ಅಷ್ಟು ನಿಜವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳ ಕೈಲಿ ಪ್ರಬಂಧ ಬರೆಸಿ, ಅದನ್ನು ಕಟುವಾಗಿ ಟೀಕಿಸಿ ಕೆರಳಿಸಿದರು. ಟೀಕಿಸಿದವನನ್ನೇ ನೆನೆಯುತ್ತಾ ಬಾಕ್ಸಿಂಗ್ ಮೂಟೆಗೆ ಗುದ್ದಿದವರು ಕೊನೆಗೆ ಹೆಚ್ಚು ಸಿಟ್ಟಾಗಿದ್ದರು. ಏನೂ ಮಾಡದೆ ಸುಮ್ಮನೆ ಕೂತವರು ಅವರಿಗಿಂತ ತಣ್ಣಗಿದ್ದರು. ಮೇಡಂ ಬಸ್ಸಿನಲ್ಲಿ ಮಾಡಿದ್ದು ನೆನೆಯುತ್ತಾ ಗುದ್ದುವ ಕೆಲಸ.

ಮನೆಯಲ್ಲಿ ಮಗನ ಪರೀಕ್ಷೆಗೆ ಗಣಿತ ಹೇಳಿಕೊಡಬೇಕಿತ್ತು. ಒಂದೂವರೆ ಗಂಟೆ ಅದರಲ್ಲೇ ಹೋಯಿತು. ಲಾರಿ ನೆನಪಾಗಲಿಲ್ಲ. ಊಟ ಮಾಡಿ ಮಲಗಿದರು. ತಣಿಸಿದ್ದು ಇದೇ ಅಂತ ನನಗನ್ನಿಸುತ್ತದೆ. ಬರೀ ಹೊತ್ತು ಕಳೆದರೆ ಸಾಲದು, ಆ ಹೊತ್ತಿನಲ್ಲಿ ತಲೆ ಬೇರೆ ಕಡೆ ಇರಬೇಕು.

ಪೆನ್ನು ಹಿಡಿದು ಓದಿದ್ದು

ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಬೇಗ ಬಂದು ಕರಡನ್ನು ಕಾಗದಕ್ಕೆ ಇಳಿಸಿದರು. ಬಸ್ಸಿನ ಎರಡು ಸಾಲು ಬಿಟ್ಟರು. ಪ್ರತಿ ವಾಕ್ಯದ ಪಕ್ಕದಲ್ಲಿ ಇದಕ್ಕೆ ನನ್ನ ಹತ್ತಿರ ಏನು ದಾಖಲೆ ಇದೆ ಅಂತ ಬರೆಯುತ್ತಾ ಹೋದರು. ಲೆಕ್ಕದವರ ಬುದ್ಧಿ, ವೋಚರ್ ಇಲ್ಲದೆ ಏನನ್ನೂ ಒಪ್ಪುವುದಿಲ್ಲ. ಆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

'ಲಾರಿಯನ್ನು ತಿರಸ್ಕರಿಸಿದ್ದಾರೆ' ಅನ್ನುವ ಮೊದಲ ವಾಕ್ಯವೇ ಸುಳ್ಳು. ತಿರಸ್ಕರಿಸಿರಲಿಲ್ಲ, ಕಡಿತ ಮಾಡಿ ಇಳಿಸಿಕೊಂಡಿದ್ದರು. 16.1 ಮತ್ತು 13.6, ಎರಡಕ್ಕೂ ಚೀಟಿ ಇತ್ತು. ಇಡೀ ಪತ್ರದಲ್ಲಿ ಅಲುಗಾಡದೆ ನಿಂತದ್ದು ಈ ಎರಡೇ ವಾಕ್ಯ.

'ಮೀಟರ್ ಹಿಡಿಯದೆ ಅಂದಾಜಿನ ಮೇಲೆ ಬರೆದಿದ್ದೀರಿ' ಅನ್ನುವುದಕ್ಕೆ ಏನೂ ಇರಲಿಲ್ಲ. 13.6 ಹೇಗೆ 16.1 ಆಗಬಹುದು ಅಂತ ಅವರು ಕಾರಣಗಳನ್ನು ಬರೆದುಕೊಂಡರು. ಅಂದಾಜಿನಲ್ಲಿ ಬರೆದಿರಬಹುದು, ನಿಜ. ಆದರೆ ಎರಡು ಮೀಟರ್‌ಗಳ ನಡುವೆಯೇ ವ್ಯತ್ಯಾಸ ಇರಬಹುದು. ಮೇಲಿನ ಚೀಲದ ಕಾಳು ಒಣಗಿದ್ದು, ರಾಶಿಯ ಒಳಗಿನದು ಹಸಿ ಇರಬಹುದು. ದಾರಿಯಲ್ಲಿ ಮಳೆ ಹೊಡೆದು ಟಾರ್ಪಾಲಿನ್ ಸಂದಿಯಿಂದ ನೀರು ಇಳಿದಿರಬಹುದು. ಒಂದು ರಾಶಿಗೆ ಮೀಟರ್ ಹಿಡಿದು ಇನ್ನೊಂದು ರಾಶಿಯಿಂದಲೂ ತುಂಬಿಸಿರಬಹುದು. ಮಳೆಯನ್ನು ಆಗಲೇ ತೆಗೆದುಹಾಕಬಹುದಿತ್ತು. ದಾರಿಯಲ್ಲಿ ನೆನೆದಿದ್ದರೆ ಮೇಲಿನ, ಅಂಚಿನ ಚೀಲಗಳಷ್ಟೇ ಒದ್ದೆಯಾಗಬೇಕು. ಫ್ಯಾಕ್ಟರಿಯವರು ಎರಡನೇ ಸಲ ಬೇರೆ ಬೇರೆ ಕಡೆಯ ಚೀಲಗಳಿಂದ ತೆಗೆದಾಗಲೂ 16 ದಾಟಿತ್ತು.

'ಕಾಳಜಿ ಇಲ್ಲ' ಅನ್ನುವುದು ಅಣ್ಣನ ಮನಸ್ಸಿನ ಬಗ್ಗೆ ಹೇಳಿದ ಮಾತು. ದಾಖಲೆ ಸಿಗುವ ಪ್ರಶ್ನೆಯೇ ಇಲ್ಲ. ಗೆರೆ ಎಳೆದರು.

'ಕಳೆದ ವರ್ಷವೂ ಇದನ್ನೇ ಮಾಡಿದ್ದಿರಿ.' ಹಳೆಯ ಫೈಲ್ ತೆಗೆದರು. ಹೋದ ವರ್ಷ ಒಂದು ಲೋಡ್‌ಗೆ ಕಡಿತ ಆಗಿದ್ದು ನಿಜ. ಆದರೆ ಅದು ಒಡೆದ ಕಾಳು ಜಾಸ್ತಿ ಇದ್ದದ್ದಕ್ಕೆ, ತೇವಕ್ಕಲ್ಲ. ಅದು ಬಂದದ್ದು ಬಡಿಯುವ ಯಂತ್ರದಿಂದ. ಅಣ್ಣನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

'ಯಾವತ್ತೂ ಫೋನ್ ಎತ್ತುವುದಿಲ್ಲ.' ಫೋನಿನ ಪಟ್ಟಿ ನೋಡಿದರೆ ಆ ವಾರ ಮಾಡಿದ್ದರಲ್ಲಿ ಹೆಚ್ಚುಕಮ್ಮಿ ಅರ್ಧ ಎತ್ತಿರಲಿಲ್ಲ. ಅರ್ಧ ಅನ್ನುವುದೂ ಚಿಕ್ಕ ದೂರಲ್ಲ. ಆದರೆ 'ಯಾವತ್ತೂ' ಅಂದರೆ, ಅಣ್ಣ ಎತ್ತಿದ ಒಂದು ಕರೆ ತೋರಿಸಿದರೆ ಮುಗಿಯಿತು. ಮಾತು ಅಲ್ಲಿಗೇ ಹೋಗುತ್ತದೆ, ತೇವ ಮೂಲೆಗೆ ಬೀಳುತ್ತದೆ. ಇದು ಬೇರೆಯೇ ದೂರು, ಬೇರೆ ದಿನಕ್ಕೆ ಅಂತ ಪಕ್ಕಕ್ಕಿಟ್ಟರು.

'ಹೊರಗಿನವರ ಹತ್ತಿರ ಬೈಸಿಕೊಳ್ಳಬೇಕಾಗಿದೆ.' ಇಲ್ಲಿ ಮೇಡಂ ಪೆನ್ನು ನಿಂತಿತು. ಬೈದದ್ದು ಯಾರು? ಖರೀದಿಯವನು. ನೀರು ಮಾರ್ತೀರಾ ಅಂದದ್ದು ಅವನು. ಅವನಿಗೆ ಅವರು ಏನೂ ಉತ್ತರ ಕೊಟ್ಟಿರಲಿಲ್ಲ, ಕೊಡುವಂತೆಯೂ ಇರಲಿಲ್ಲ, ದೊಡ್ಡ ಗಿರಾಕಿ. ಅವನಿಗೆ ಹೇಳಲಾಗದ್ದನ್ನು ಅಣ್ಣನಿಗೆ ಬರೆದಿದ್ದರು. ಹತ್ತು ವಾಕ್ಯದಲ್ಲಿ ಅರ್ಧ ಬಿಸಿ ಅಣ್ಣನದ್ದಲ್ಲ.

ಸಂಬಳದಲ್ಲಿ ಹಿಡಿಯುವುದು, ಬೇರೆಯವರನ್ನು ಇಡುವುದು ಎರಡೂ ಅವರ ಅಧಿಕಾರದಲ್ಲಿ ಇರಲಿಲ್ಲ. ಮಾಡಲಾಗದ್ದನ್ನು ಬೆದರಿಕೆಯಾಗಿ ಬರೆದರೆ ಮುಂದಿನ ಸಲ ನಿಜವಾಗಿ ಹೇಳಿದ್ದಕ್ಕೂ ಬೆಲೆ ಇರುವುದಿಲ್ಲ.

ಮಂಗಳವಾರದ ಫೋಟೊ ಎಷ್ಟು ಹೊತ್ತಿಗೆ ಹಾಕಿದ್ದು ಅಂತ ನೋಡಲು ಗುಂಪಿನಲ್ಲಿ ಹಿಂದಕ್ಕೆ ಹೋದಾಗ ಇನ್ನೊಂದು ವಿಷಯ ಸಿಕ್ಕಿತು. ಮೇಡಂ ಆ ಗುಂಪಿನ ಸದ್ದು ಬಂದ್ ಮಾಡಿಟ್ಟಿದ್ದರು, ಹಾಗಾಗಿ ಓದಿರಲಿಲ್ಲ. ಮಧ್ಯಾಹ್ನ ಅಣ್ಣ ಕೇಳಿದ್ದರು: 'ಆ ಕಡೆ ರಾಶಿನೂ ತುಂಬಿಸ್ಲಾ ಸರ್?' ಸಿಇಒ ಉತ್ತರ: 'ತುಂಬಿಸಿ, ಲಾರಿ ನಿಂತಿದೆ.' ತೇವದ ಮಾತು ಇಬ್ಬರೂ ಎತ್ತಿರಲಿಲ್ಲ. ಇದರಿಂದ ಅಣ್ಣ ಪಾರಾಗುವುದಿಲ್ಲ, ಎರಡನೇ ರಾಶಿಗೂ ಮೀಟರ್ ಹಿಡಿಯಬೇಕಾದದ್ದು ಅವರ ಕೆಲಸವೇ. ಆದರೆ ಹಿಂದಿನ ಸಂಜೆ ಆ ಮೇಲ್ ಆರು ಜನಕ್ಕೆ ಹೋಗಿದ್ದರೆ, ಅಣ್ಣ ಮಾಡಬೇಕಾಗಿದ್ದದ್ದು ಇಷ್ಟೇ: ಈ ಎರಡು ಸಾಲಿನ ಚಿತ್ರ ತೆಗೆದು ಅದೇ ಆರು ಜನಕ್ಕೆ ಉತ್ತರಿಸುವುದು. ನಿರ್ದೇಶಕರ ಮುಂದೆ ಸಿಇಒ ಸಿಕ್ಕಿಬೀಳುತ್ತಿದ್ದರು. ಮೇಡಂಗೆ ಒಂದೇ ಸಂಜೆಯಲ್ಲಿ ಇಬ್ಬರು ಎದುರಾಳಿಗಳು.

ಎರಡನೇ ಕರಡು, ಇನ್ನೊಂದು ಬಗೆಯ ತಪ್ಪು

ಇಷ್ಟೆಲ್ಲ ಕಂಡ ಮೇಲೆ ಮೇಡಂ ಪೂರ್ತಿ ಉಲ್ಟಾ ಹೊಡೆದರು. ಎರಡನೇ ಕರಡು ಹೀಗಿತ್ತು:

> ಅಣ್ಣಾ, ನಮಸ್ಕಾರ. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಮೊನ್ನೆಯ ಲೋಡ್‌ನಲ್ಲಿ ತೇವ ಸ್ವಲ್ಪ ಹೆಚ್ಚುಕಮ್ಮಿ ಆಗಿದೆಯಂತೆ. ಮಳೆಗಾಲ, ಏನು ಮಾಡುವುದು. ನಿಮ್ಮ ಕಷ್ಟ ನನಗೆ ಗೊತ್ತು. ಮುಂದೆ ಎಲ್ಲರೂ ಸ್ವಲ್ಪ ಜವಾಬ್ದಾರಿಯಿಂದ ಇದ್ದರೆ ಎಲ್ಲರಿಗೂ ಒಳ್ಳೆಯದು ಅಂತ ನನ್ನ ಅನಿಸಿಕೆ.

ನನಗೆ ಈ ಕರಡು ಮೊದಲನೆಯದಕ್ಕಿಂತ ಹೆಚ್ಚು ಆಸಕ್ತಿಯದ್ದು. ತಣಿದ ಮೇಲೆ ಬಹಳ ಜನ ಇಲ್ಲಿಗೇ ನಿಂತು, ಚೆನ್ನಾಗಿ ತಿದ್ದಿದೆ ಅಂದುಕೊಳ್ಳುತ್ತಾರೆ. ಇದರಲ್ಲಿ 16.1 ಇಲ್ಲ, 13,060 ಇಲ್ಲ. ಅಣ್ಣ ಏನು ಮಾಡಬೇಕು ಅನ್ನುವುದೂ ಇಲ್ಲ. ಓದಿದವರು 'ಸರಿ ಮೇಡಂ' ಅಂತ ಬರೆದು ಸುಮ್ಮನಾಗಬಹುದು. ಕೊನೆಯ ಸಾಲಿನಲ್ಲಿ ಮಾತ್ರ ನಿನ್ನೆಯ ಸಿಟ್ಟು ಮೆತ್ತಗಿನ ಬಟ್ಟೆ ಹಾಕಿಕೊಂಡು ಕೂತಿದೆ. 'ಎಲ್ಲರೂ' ಅಂದರೆ ಯಾರು ಅಂತ ಅಣ್ಣನಿಗೆ ಗೊತ್ತಾಗದೆ ಇರುತ್ತದಾ? ಬೈಗುಳಕ್ಕೆ ತಿರುಗಿ ಉತ್ತರ ಕೊಡಬಹುದು. ಚುಚ್ಚುಮಾತಿಗೆ ಕೊಡಲಾಗುವುದಿಲ್ಲ, ಒಳಗೇ ಉಳಿಯುತ್ತದೆ.

ಇದು ತಪ್ಪು ಅಂತ ಮೇಡಂಗೆ ತಿಳಿದದ್ದು ಒಂದು ಸರಳ ಪ್ರಶ್ನೆಯಿಂದ. ಇದನ್ನು ಓದಿ ಅಣ್ಣ ಸೋಮವಾರ ಬೆಳಿಗ್ಗೆ ಏನನ್ನು ಬೇರೆ ರೀತಿ ಮಾಡುತ್ತಾರೆ? ಉತ್ತರ, ಏನೂ ಇಲ್ಲ.

ಕಳಿಸಿದ್ದು

ಮೂರನೆಯದನ್ನು ಅವರು ಕೊನೆಯಿಂದ ಕಟ್ಟಿದರು. ಮೊದಲು ಏನು ಬೇಕು ಅಂತ ಬರೆದುಕೊಂಡು, ಆಮೇಲೆ ಅದಕ್ಕೆ ಬೇಕಾದಷ್ಟು ಸಂಗತಿಯನ್ನು ಮೇಲೆ ಸೇರಿಸಿದರು. ಒಪ್ಪಲು ಅಥವಾ ಅಲ್ಲಗಳೆಯಲು ಅಣ್ಣನಿಗೆ ಜಾಗ ಇರಲಿ ಅಂತ ಅನುಮಾನಗಳನ್ನು ಪ್ರಶ್ನೆಯಾಗಿ ಬರೆದರು. ತಮ್ಮ ಸ್ವಂತ ಖಾತೆಯಿಂದ ಕಳಿಸಿದರು.

> ಅಣ್ಣಾ, ನಮಸ್ಕಾರ.
> ಮಂಗಳವಾರ ತುಂಬಿದ ಲೋಡ್ ಗುರುವಾರ ಫ್ಯಾಕ್ಟರಿಯಲ್ಲಿ 16.1 ತೇವ ತೋರಿಸಿತು. ಎರಡನೇ ಸಲ ನೋಡಿದಾಗಲೂ 16 ದಾಟಿತು. ನಮ್ಮ ಚೀಟಿಯಲ್ಲಿ 13.6 ಇದೆ. ಕ್ವಿಂಟಲ್‌ಗೆ 3 ಕೆಜಿ ಕಡಿತ ಮತ್ತು ಲಾರಿ ನಿಂತ ಬಾಡಿಗೆ ಸೇರಿ 13,060 ರೂಪಾಯಿ ಹೋಯಿತು. ಎರಡೂ ಚೀಟಿ ಜೊತೆಗಿಟ್ಟಿದ್ದೇನೆ.
> ನನಗೆ ತಿಳಿಯಬೇಕಾದದ್ದು: 13.6 ಯಾವ ರಾಶಿಯದು, ಎಷ್ಟು ಹೊತ್ತಿಗೆ ನೋಡಿದ್ದು? ಮಧ್ಯಾಹ್ನ ತುಂಬಿದ ಎರಡನೇ ರಾಶಿಗೆ ಮೀಟರ್ ಹಿಡಿದಿದ್ದಿರಾ? ನಮ್ಮ ಮೀಟರನ್ನು ಬೇರೆ ಮೀಟರ್ ಜೊತೆ ಹೋಲಿಸಿ ನೋಡಿದ್ದು ಯಾವಾಗ?
> ಶನಿವಾರ ಮಧ್ಯಾಹ್ನದೊಳಗೆ ತಿಳಿಸಿ. ಅಲ್ಲಿತನಕ ಎರಡನೇ ರಾಶಿಯಿಂದ ಯಾವ ಲೋಡೂ ಬೇಡ. ಸೋಮವಾರದ ಲಾರಿಗೆ ಒಣಗಿದ ಮಾಲು ಎಷ್ಟಿದೆ ಅಂತಲೂ ಹೇಳಿ.
> ಈ ಮೇಲ್ ನಿಮಗೆ ಮಾತ್ರ. ನಷ್ಟದ ಲೆಕ್ಕವನ್ನು ಸಿಇಒ ಅವರಿಗೆ ಬೇರೆ ಕಳಿಸುತ್ತಿದ್ದೇನೆ. ಅದರಲ್ಲಿ ಲೆಕ್ಕ ಬಿಟ್ಟು ಬೇರೇನೂ ಇಲ್ಲ.

ಮೆತ್ತಗಿನ ಪತ್ರವಲ್ಲ ಇದು. ಎರಡನೇ ರಾಶಿಗೆ ಮೀಟರ್ ಹಿಡಿದಿದ್ದಿರಾ ಅನ್ನುವ ಪ್ರಶ್ನೆ ಮೊದಲ ಕರಡಿನ ಯಾವ ಮಾತಿಗಿಂತಲೂ ಗಟ್ಟಿ. ಬೈಗುಳವನ್ನು ಸುಳ್ಳು ಅಂತ ತಳ್ಳಿಹಾಕಬಹುದು. ಪ್ರಶ್ನೆಗೆ ಹೌದು ಅಥವಾ ಇಲ್ಲ ಅನ್ನಲೇಬೇಕು. ಕೊನೆಯ ಎರಡು ವಾಕ್ಯಗಳ ಬಗ್ಗೆ ನನಗೆ ಸ್ವಲ್ಪ ಅನುಮಾನ ಇತ್ತು, ಅದೂ ಒಂದು ಬಗೆಯ ಹೆದರಿಸುವಿಕೆ ಆಗಬಹುದಲ್ವಾ ಅಂತ. ಮೇಡಂ ಒಪ್ಪಲಿಲ್ಲ. ಸಿಇಒಗೆ ಹೇಗೂ ಹೇಳಬೇಕು, ಬೇರೆಯವರಿಂದ ಗೊತ್ತಾಗುವುದಕ್ಕಿಂತ ನಾನೇ ಹೇಳುವುದು ಒಳ್ಳೆಯದು ಅಂದರು. ಅವರದ್ದೇ ಸರಿ ಇರಬೇಕು.

ಕಳಿಸುವ ಮೊದಲು ಅಣ್ಣನಿಗೆ ಫೋನ್ ಮಾಡಿ, ಲೋಡ್ ವಿಷಯ ಒಂದು ಮೇಲ್ ಹಾಕ್ತಿದ್ದೀನಿ, ಓದಿ ಅಂದರು. ಆವತ್ತು ಎತ್ತಿದರು.

ಆದದ್ದು

ಎಲ್ಲ ಸರಾಗವಾಗಿ ಮುಗಿಯಲಿಲ್ಲ. ಒಂದು ಗಂಟೆಯೊಳಗೆ ಅಣ್ಣನ ಫೋನ್ ಬಂತು, ದನಿ ಏರಿತ್ತು. 'ಏನ್ ಮೇಡಂ, ಎಲ್ಲ ನನ್ನ ತಲೆಗೆ ಕಟ್ತೀರಾ? ಚೀಟೀಲಿ ಇರೋದೇ ಒಂದು ಖಾನೆ, ಎಷ್ಟು ಅಂತ ಬರೀಲಿ?' ಮೇಡಂ ಅದಕ್ಕೆ ಎದುರು ಮಾತಾಡದೆ, ಹಾಗಾದರೆ 13.6 ಮೊದಲನೇ ರಾಶಿದಾ ಅಂತ ಕೇಳಿದರು. ಹೌದು ಅಂದರು. ಎರಡನೆಯದಕ್ಕೆ ಹಿಡಿದಿದ್ದಿರಾ? ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲ, ಕೈಯಲ್ಲಿ ಹಿಸುಕಿ ನೋಡಿದೆ, ಲಾರಿಯವನು ಅವಸರ ಮಾಡ್ತಿದ್ದ, ಸಾಹೇಬರೂ ತುಂಬಿಸಿ ಅಂದ್ರು ಅಂದರು.

ಕಾರಣ ಸಿಕ್ಕಿತು. ಹಾಗಂತ ತಪ್ಪು ಒಬ್ಬರದ್ದೇ ಆಗಿರಲಿಲ್ಲ. ಮೀಟರ್ ಹಿಡಿಯದ್ದು ಅಣ್ಣನ ತಪ್ಪು. ಅವಸರ ಸಿಇಒ ಕಡೆಯಿಂದ ಬಂದಿತ್ತು. ಎರಡು ರಾಶಿ ಬೆರೆತರೂ ಒಂದೇ ಅಂಕಿ ಬರೆಯುವ ಹಾಗೆ ಚೀಟಿಯೇ ಮಾಡಿತ್ತು. ಆ ಚೀಟಿಯನ್ನು ಅಚ್ಚು ಹಾಕಿಸಿದ್ದು ಆಫೀಸು.

ಚೀಟಿ ಬದಲಾಯಿತು. ಈಗ ರಾಶಿಗೊಂದು ಸಾಲು, ಪ್ರತಿ ಸಾಲಿಗೂ ಮೂರು ಚೀಲದ ತೇವ ಬರೆಯಲು ಜಾಗ, ನೋಡಿದ ಹೊತ್ತಿಗೆ ಒಂದು ಖಾನೆ. ಸೋಮವಾರದ ಲಾರಿಗೆ ಎರಡನೇ ರಾಶಿ ನೋಡಿದಾಗ 15ರ ಮೇಲೆ ಬಂತು. ಅದನ್ನು ಬಿಟ್ಟು ಉಳಿದದ್ದು ತುಂಬಿಸಿದರು. ಲಾರಿ ಪೂರ್ತಿ ತುಂಬಲಿಲ್ಲ, ಬಾಡಿಗೆ ಪೂರ್ತಿ ಕೊಡಬೇಕಾಯಿತು. ಅದರ ಬಗ್ಗೆ ಸಿಇಒ ಗೊಣಗಿದರು.

13,060 ವಾಪಸ್ ಬರಲಿಲ್ಲ. ಅದನ್ನು ಯಾರ ಸಂಬಳದಲ್ಲೂ ಹಿಡಿಯಲಿಲ್ಲ, ಕಂಪನಿಯ ಖರ್ಚಿಗೆ ಹೋಯಿತು. ಗುಂಪಿನ ಆ ಎರಡು ಸಾಲಿನ ಬಗ್ಗೆ ಮೇಡಂ ಸಿಇಒ ಹತ್ತಿರ ಬರೆದು ಹೇಳಲಿಲ್ಲ. ಎದುರು ಕೂತಾಗ, ಲಾರಿ ನಿಂತಿದೆ ಅಂತ ನೀವು ಅಂದರೆ ಅಣ್ಣ ಮೀಟರ್ ಹಿಡಿಯಲ್ಲ ಸರ್ ಅಂದರಂತೆ. ಅವರು ಏನೂ ಹೇಳಲಿಲ್ಲ. ಆಮೇಲಿನ ಲೋಡ್‌ಗಳಲ್ಲಿ ತುಂಬಿಸಿ ಅನ್ನುವ ಮೊದಲು ತೇವ ಎಷ್ಟು ಅಂತ ಕೇಳುತ್ತಿದ್ದರು.

ಅಣ್ಣ ಕೆಲವು ವಾರ ಮೇಡಂ ಜೊತೆ ಬಿಗಿಯಾಗಿಯೇ ಇದ್ದರು. ಪತ್ರ ಚೆನ್ನಾಗಿದ್ದರೂ ಪತ್ರವೇ ಬಂತಲ್ಲ ಅನ್ನುವ ಬೇಜಾರು ಇತ್ತು ಅಂತ ಕಾಣುತ್ತದೆ. ಮೊದಲು ಗೋದಾಮಿಗೆ ಹೋಗಿ ಎದುರಿಗೇ ಕೇಳಬಹುದಿತ್ತೇ ಅಂತ ನಾನು ಕೇಳಿದೆ. ದುಡ್ಡಿನ ಲೆಕ್ಕ ಇರುವ ಕಡೆ ಬರಹ ಇರಲೇಬೇಕು ಅಂತ ಮೇಡಂ. ಆದರೆ ಮುಂದಿನ ಸಲ ಮೊದಲು ಹೋಗಿ ಮಾತಾಡಿ, ಆಡಿದ್ದನ್ನು ಆಮೇಲೆ ಮೇಲ್‌ನಲ್ಲಿ ಹಾಕುತ್ತೇನೆ ಅಂದರು.

ಪಕ್ಕಕ್ಕಿಟ್ಟ ಫೋನಿನ ದೂರು ಹಾಗೇ ಉಳಿದಿದೆ. ಹಂಗಾಮು ಮುಗಿದ ಮೇಲೆ ಮಾತಾಡುತ್ತೇನೆ ಅಂದಿದ್ದರು. ನಾನು ಕೊನೆಗೆ ಕೇಳಿದಾಗ ಇನ್ನೂ ಮಾತಾಡಿರಲಿಲ್ಲ. ಅಣ್ಣ ಈಗಲೂ ಅರ್ಧ ಸಲ ಎತ್ತುವುದಿಲ್ಲ.